ದರ್ಗಾದ ಫಲಕದಲ್ಲಿ ಬೆಲೆ ಬರೆಯಬೇಕಾದದ್ದು ಯಾವುದಕ್ಕೆ?

ದರ್ಗಾಗಳಲ್ಲಿ ದರಪಟ್ಟಿಯ ಫಲಕ ತೂಗುಹಾಕುವುದನ್ನು ಕೆಲವರು ಆಕ್ಷೇಪಿಸುತ್ತಾರೆ. ಆದರೆ ಫಲಕವಿಲ್ಲದ ಕಡೆಗಳಲ್ಲಿ ದೂರದ ಊರಿನಿಂದ ಬಂದವನು ಚೌಕಾಸಿಗೆ ಸಿಲುಕುತ್ತಾನೆ. ಅವನ ಉಡುಪನ್ನೂ ಸಂಕಟವನ್ನೂ ನೋಡಿ ಮೊತ್ತ ನಿಗದಿಯಾಗುತ್ತದೆ. ಆದ್ದರಿಂದ ಫಲಕ ಇರಲಿ. ಪ್ರಶ್ನೆ ಇರುವುದು ಅದರಲ್ಲಿ ಯಾವುದರ ಮುಂದೆ ಬೆಲೆ ಬರೆಯಬೇಕು ಎಂಬುದರಲ್ಲಿ.

ಒಂದು ಮಾದರಿ ಫಲಕವನ್ನು ಊಹಿಸೋಣ: ‘ಫಾತಿಹಾ ರೂ. 51, ವಿಶೇಷ ದುಆ ರೂ. 101, ಚಾದರ ರೂ. 500, ನಿಯಾಝ್ ರೂ. 2,500.’ ನಾಲ್ಕು ಸಾಲುಗಳೂ ಒಂದೇ ಬಗೆಯಾಗಿ ಕಂಡರೂ ಅವು ಎರಡು ಬೇರೆ ಬೇರೆ ಸಂಗತಿಗಳು. ಚಾದರ ಮತ್ತು ಅನ್ನ ವಸ್ತುಗಳು. ಅವುಗಳಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಫಾತಿಹಾ ಮತ್ತು ದುಆ ಇಬಾದತ್, ಅವುಗಳಿಗೆ ಬೆಲೆಯಿಲ್ಲ. ಇಮಾಮತ್, ಅಝಾನ್ ಮತ್ತು ಕುರ್‌ಆನ್ ಬೋಧನೆಗೆ ವೇತನ ಪಡೆಯಲು ನಂತರದ ಕಾಲದ ಹನಫಿ ವಿದ್ವಾಂಸರು ಅನುಮತಿ ನೀಡಿದರು, ಏಕೆಂದರೆ ಆ ಸೇವೆಗಳು ನಿಂತರೆ ದೀನ್‌ಗೇ ಹಾನಿ. ಆದರೆ ಮೃತರಿಗೆ ಪುಣ್ಯ ತಲುಪಿಸಲು ಕೂಲಿ ಪಡೆದು ಕುರ್‌ಆನ್ ಓದುವುದನ್ನು ದಮಾಸ್ಕಸ್‌ನ ಇಬ್ನು ಆಬಿದೀನ್‌ರು ಒಪ್ಪಲಿಲ್ಲ. ಕೂಲಿಗಾಗಿ ಓದಿದವನಿಗೇ ಪುಣ್ಯ ದೊರೆಯದಿದ್ದರೆ ಅವನು ಇತರರಿಗೆ ತಲುಪಿಸುವುದಾದರೂ ಏನನ್ನು ಎಂಬುದು ಅವರ ವಾದದ ತಿರುಳು.

ಈ ಮುಜುಗರವನ್ನು ತಪ್ಪಿಸಲು ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ‘ಶುಲ್ಕ’ ಎಂಬುದನ್ನು ಅಳಿಸಿ ‘ಹದಿಯಾ’ ಎಂದು ಬರೆಯುತ್ತಾರೆ. ಇದು ಪರಿಹಾರವಲ್ಲ. ಹದಿಯಾ ಎಂದರೆ ಉಡುಗೊರೆ. ಮೊತ್ತ ಮೊದಲೇ ನಿಗದಿಯಾಗಿ, ಅದನ್ನು ಕೊಡದವನಿಗೆ ದುಆ ದೊರೆಯದಿದ್ದರೆ, ಅದು ಹೆಸರು ಬದಲಿಸಿಕೊಂಡ ಶುಲ್ಕವೇ ಆಗಿರುತ್ತದೆ. ನಯವಾದ ಪದಕ್ಕಿಂತ ನೇರವಾದ ಪದ ಉತ್ತಮ. ಖರ್ಚಿರುವಲ್ಲಿ ‘ವೆಚ್ಚ’ ಎಂದು ಬರೆಯಲಿ, ಉಡುಗೊರೆಯಿರುವಲ್ಲಿ ಮೊತ್ತವನ್ನೇ ಬರೆಯದಿರಲಿ.

ನಿಯಾಝ್‌ನ ಸಾಲನ್ನೇ ನೋಡೋಣ. ಅಕ್ಕಿ 10 ಕಿಲೋ ರೂ. 600, ಎಣ್ಣೆ, ತುಪ್ಪ ಮತ್ತು ಮಸಾಲೆ ರೂ. 700, ಬೇಳೆ ಮತ್ತು ತರಕಾರಿ ರೂ. 400, ಸೌದೆ ರೂ. 300, ಬಾಣಸಿಗರ ಕೂಲಿ ರೂ. 500 ಎಂದಿಟ್ಟುಕೊಂಡರೆ ಒಟ್ಟು ರೂ. 2,500. ಹೀಗೆ ಬಿಡಿಸಿ ಬರೆದಾಗ ಹಣ ಅನ್ನಕ್ಕೆ ಸಂದಿತೆಂದು ಯಾರಿಗಾದರೂ ತಿಳಿಯುತ್ತದೆ. ಮುನ್ನೂರು ರೂಪಾಯಿ ಮಾತ್ರ ಇರುವವನು ಅದನ್ನು ಅದೇ ಪಾತ್ರೆಯ ಅನ್ನಕ್ಕೆ ಸೇರಿಸಬಹುದು. ‘ವಲಿಯವರಿಗೆ ಹರಕೆ’ ಎಂಬ ಮಾತು ಮಾತ್ರ ಬೇಡ. ಹರಕೆ ಇಬಾದತ್ ಆದ್ದರಿಂದ ಅದು ಅಲ್ಲಾಹನಿಗೆ ಮಾತ್ರ ಸಲ್ಲುತ್ತದೆ. ಅನ್ನ ಬಡವರಿಗೆ ಸೇರುತ್ತದೆ.

ಚಾದರದ ಸಾಲಿನಲ್ಲಿ ಬೆಲೆಯೊಂದೇ ಸಾಲದು. ಹೊದಿಸಿದ ಚಾದರ ಸಂಜೆ ಮತ್ತೆ ಅಂಗಡಿ ಸೇರಿದರೆ, ಒಂದೇ ಬಟ್ಟೆ ಹತ್ತು ಸಲ ಮಾರಾಟವಾದಂತೆ. ಆದ್ದರಿಂದ ಬಳಿಕ ಅದು ಯಾರಿಗೆ ಹೋಗುತ್ತದೆ ಎಂಬುದನ್ನೂ ಫಲಕ ತಿಳಿಸಬೇಕು.

ಹಾಗಾದರೆ ಫಲಕ ಹೀಗಿರಬಹುದು:

‘ಝಿಯಾರತ್, ಫಾತಿಹಾ ಮತ್ತು ದುಆಗೆ ಯಾವುದೇ ಹಣವಿಲ್ಲ. ಅವನ್ನು ತಾವೇ ಓದಬಹುದು. ಓದಲು ಬಾರದವರು ಖಾದಿಮರ ನೆರವು ಕೇಳಬಹುದು.
ಚಾದರ: ಬಟ್ಟೆಯ ವೆಚ್ಚ ರೂ. 500. ತಾವೇ ತಂದ ಚಾದರಕ್ಕೆ ಹಣವಿಲ್ಲ. ಬಳಿಕ ಚಾದರಗಳನ್ನು ಬಡ ಕುಟುಂಬಗಳಿಗೆ ಹಂಚಲಾಗುತ್ತದೆ.
ನಿಯಾಝ್: ಒಂದು ಪಾತ್ರೆ ಅನ್ನದ ವೆಚ್ಚ ರೂ. 2,500, ಶಕ್ತಿಯಿದ್ದಷ್ಟು ಪಾಲು ಸೇರಿಸಬಹುದು.
ದರ್ಗಾದ ನಿರ್ವಹಣೆಗೆ ಇಚ್ಛೆಯಿದ್ದವರು ಪೆಟ್ಟಿಗೆಯಲ್ಲಿ ಹಾಕಬಹುದು. ಹಣ ಕೊಟ್ಟಲ್ಲೆಲ್ಲ ರಸೀದಿ ಪಡೆಯಿರಿ.’

ಇಲ್ಲಿ ‘ವಿಶೇಷ ದುಆ’ ಎಂಬ ಸಾಲೇ ಇಲ್ಲ. ರೂ. 101 ಕೊಟ್ಟವನ ದುಆ ವಿಶೇಷವಾದರೆ, ಕೊಡಲಾಗದವನದು ಸಾಮಾನ್ಯವಾಯಿತೇ? ಈ ಸಾಲನ್ನು ಯಾವ ಪದದಿಂದಲೂ ತಿದ್ದಲಾಗದು, ತೆಗೆಯುವುದೊಂದೇ ದಾರಿ. ಅದರಿಂದ ಖಾದಿಮರ ಆದಾಯ ಕುಗ್ಗುವುದು ನಿಜ. ಅವರ ಶ್ರಮಕ್ಕೆ ಸಮಿತಿಯು ಪೆಟ್ಟಿಗೆಯ ಹಣದಿಂದ ತಿಂಗಳ ಸಂಬಳ ಕೊಡಲಿ. ಗುಡಿಸುವ, ದೀಪ ನೋಡುವ, ಜನರನ್ನು ಸಾಲಿನಲ್ಲಿ ಕಳುಹಿಸುವ ಕೆಲಸಕ್ಕೆ ಕೂಲಿ ಪಡೆಯುವುದರಲ್ಲಿ ದೋಷವಿಲ್ಲ.

ಫಲಕ ಎಷ್ಟೇ ಚೆನ್ನಾಗಿದ್ದರೂ ನಡವಳಿಕೆ ಅದಕ್ಕೆ ಸಾಕ್ಷಿಯಾಗಬೇಕು. ಪರೀಕ್ಷೆ ಸರಳ: ಬರಿಗೈಯಲ್ಲಿ ಬಂದ ವಿಧವೆಯೊಬ್ಬರು ಖಾದಿಮರಲ್ಲಿ ದುಆ ಕೇಳಲಿ. ಅವರು ಕೈಯೆತ್ತುವ ಮೊದಲು ರಸೀದಿಯ ಕಡೆ ನೋಡಿದರೆ, ಗೋಡೆಯ ಮೇಲಿನ ಅಕ್ಷರಗಳು ಸುಳ್ಳಾಗಿವೆ ಎಂದರ್ಥ.