ಕಾಲವನ್ನು ನುಂಗುವ ಇಟ್ಟಿಗೆಗಳು

ಪೇಟೆಯ ಬೆಲೆಗಳನ್ನು ಚಿತ್ರಿಸಲು ಜಪಾನಿನಲ್ಲಿ ಹುಟ್ಟಿದ ‘ರೆಂಕೊ’ ನಕ್ಷೆಯಲ್ಲಿ ಗೆರೆಗಳ ಬದಲು ಸಮಗಾತ್ರದ ಇಟ್ಟಿಗೆಗಳಿರುತ್ತವೆ. ಬೆಲೆಯು ಗೊತ್ತುಪಡಿಸಿದಷ್ಟು ಸರಿದಾಗ ಮಾತ್ರ ಹೊಸ ಇಟ್ಟಿಗೆಯನ್ನು ಇಡುತ್ತಾರೆ. ದಿಕ್ಕು ಬದಲಾಗಬೇಕಾದರೆ ಬೆಲೆಯು ಕೊನೆಯ ಇಟ್ಟಿಗೆಯನ್ನು ಪೂರ್ತಿಯಾಗಿ ದಾಟಿ, ಇನ್ನೊಂದು ಇಟ್ಟಿಗೆಯಷ್ಟು ಮುಂದೆ ಹೋಗಬೇಕು.

ಒಂದು ಷೇರಿನ ಬೆಲೆ ಹತ್ತು ದಿನಗಳಲ್ಲಿ ಕ್ರಮವಾಗಿ 100, 104, 109, 112, 118, 123, 117, 111, 106, 99 ರೂಪಾಯಿ ಇದ್ದಿತೆಂದು ಭಾವಿಸೋಣ. ಇಟ್ಟಿಗೆಯ ಅಳತೆ 10 ರೂಪಾಯಿಯಾದರೆ 110ರ ವರೆಗೆ ಒಂದು, 120ರ ವರೆಗೆ ಇನ್ನೊಂದು ಏರಿಕೆಯ ಇಟ್ಟಿಗೆ ಬರುತ್ತದೆ. ಇಳಿಕೆಯ ಇಟ್ಟಿಗೆಯಾದರೋ 99ರ ದಿನದವರೆಗೂ ಕಾಣದು. ಅಳತೆಯನ್ನು 5ಕ್ಕೆ ಇಳಿಸಿದರೆ ಏರಿಕೆಗೆ ನಾಲ್ಕು, ಇಳಿಕೆಗೆ ಮೂರು ಇಟ್ಟಿಗೆಗಳು. ಇಳಿಕೆಯ ಸೂಚನೆ 106ರ ದಿನವೇ ದೊರೆಯುತ್ತದೆ. ಆದರೆ ಸಣ್ಣ ಇಟ್ಟಿಗೆ ಅಲ್ಪಸ್ವಲ್ಪದ ತೂಗಾಟವನ್ನೂ ದಿಕ್ಕಿನ ಬದಲಾವಣೆಯೆಂದು ತೋರಿಸೀತು. ಬೇಗನೆ ತಿಳಿಯುವುದಕ್ಕೆ ತೆರಬೇಕಾದ ಬೆಲೆ ಇದು.

ಇನ್ನು ಕಾಲದ ಮಾತು. 10 ರೂಪಾಯಿಯ ಮೊದಲನೆಯ ಇಟ್ಟಿಗೆಗೆ ಮೂರು ದಿನ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ದಿನ ಹಿಡಿದವು. ನಕ್ಷೆಯಲ್ಲಿ ಮೂರರ ಅಗಲವೂ ಒಂದೇ. ಬೆಲೆ ಒಂದೇ ದಿನದಲ್ಲಿ 123ಕ್ಕೆ ನೆಗೆದು, ಮೂರು ತಿಂಗಳು ಅಲ್ಲಿಯೇ ನಿಂತು, ಅನಂತರ 99ಕ್ಕೆ ಇಳಿದಿದ್ದರೂ ಇದೇ ಚಿತ್ರ ಬರುತ್ತಿತ್ತು. ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ ಫಲ. ಭಾಜಕವನ್ನೇ ಅಳಿಸಿದ ನಕ್ಷೆಯ ಇಳಿಜಾರಿನಲ್ಲಿ ವೇಗವನ್ನು ಓದುವುದು ತರ್ಕಕ್ಕೆ ಸಲ್ಲದು. ಆದುದರಿಂದ ಪ್ರತಿಯೊಂದು ಇಟ್ಟಿಗೆಯ ಕೆಳಗೂ ಅದು ಪೂರ್ಣಗೊಂಡ ತಾರೀಖನ್ನು ಬರೆಯುವುದು ಅವಶ್ಯವೆಂದು ನನ್ನ ಅಭಿಪ್ರಾಯ.