ಡೆಲಿವರಿ ಪಾಲುದಾರರ ಐಡಿ ಸ್ಥಗಿತ, ರೇಟಿಂಗ್, ಹಣ ಕಡಿತ ಮತ್ತು ದೂರು ವಿಚಾರಣೆಯನ್ನು ಕುರಿತ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿ,
ಕರ್ನಾಟಕ ಸರ್ಕಾರ, ಬೆಂಗಳೂರು.

ಇವರಿಂದ,
ತ್ಯಾಗರಾಜನಗರ ಹಾಗೂ ಸುತ್ತಣ ಬಡಾವಣೆಗಳ ಡೆಲಿವರಿ ಪಾಲುದಾರರು.

ವಿಷಯ: ‘ತಾತ್ಕಾಲಿಕ ಸ್ಥಗಿತ’ವೆಂಬ ಹೆಸರಿನಲ್ಲಿ ಕಾಯಿದೆಯ ರಕ್ಷಣೆ ತಪ್ಪಿಹೋಗುತ್ತಿರುವುದು ಮತ್ತು ತತ್ಸಂಬಂಧವಾದ ಬೇಡಿಕೆಗಳು.

ಮಾನ್ಯರೆ,

ನೆಟ್ಟಕಲ್ಲಪ್ಪ ವೃತ್ತದಿಂದ ಬನಶಂಕರಿಯವರೆಗೆ, ಗಾಂಧಿಬಜಾರಿನಿಂದ ಜಯನಗರದ ನಾಲ್ಕನೆಯ ಬ್ಲಾಕಿನವರೆಗೆ ಹಬ್ಬಿರುವ ಬಡಾವಣೆಗಳಲ್ಲಿ ಹೋಟೆಲುಗಳ ಊಟ ತಿಂಡಿಗಳನ್ನೂ ಡಾರ್ಕ್ ಸ್ಟೋರುಗಳ ದಿನಸಿಯನ್ನೂ ದ್ವಿಚಕ್ರವಾಹನಗಳ ಮೇಲೆ ಹೊತ್ತು ಮನೆಮನೆಗೆ ಮುಟ್ಟಿಸಿ ಜೀವನ ನಿರ್ವಹಿಸುತ್ತಿರುವ, ಕೆಳಗೆ ಸಹಿ ಮಾಡಿದ ನಾವು, ತಮ್ಮ ಅವಗಾಹನೆಗೆ ತರಬಯಸುವ ಸಂಗತಿ ಇದು. 2025ನೆಯ ಇಸವಿಯ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಹೊರಟು, ಅದೇ ವರ್ಷ ವಿಧಾನಮಂಡಲದ ಅಂಗೀಕಾರ ಪಡೆದು ನೆಲೆಗೊಂಡ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಅಧಿನಿಯಮವು, ಸಕಾರಣವಿಲ್ಲದೆ ಯಾವ ಕಾರ್ಮಿಕನನ್ನೂ ಕೆಲಸದಿಂದ ತೆಗೆಯಲಾಗದೆಂದೂ, ತೆಗೆಯುವುದಾದರೆ ಕಾರಣವನ್ನು ಬರೆಹದಲ್ಲಿ ಕೊಟ್ಟು 14 ದಿನಗಳ ಮುನ್ಸೂಚನೆ ನೀಡಬೇಕೆಂದೂ, ಕರಾರಿನ ಷರತ್ತುಗಳನ್ನು ಬದಲಿಸುವಾಗಲೂ ಅಷ್ಟೇ ಅವಧಿ ಮುಂಚಿತವಾಗಿ ತಿಳಿಸಬೇಕೆಂದೂ, ದುಡಿಮೆಯ ಹಣವನ್ನು ವಾರಕ್ಕೊಮ್ಮೆಯಾದರೂ ಸಲ್ಲಿಸಿ ಮುರಿದುಕೊಂಡ ಮೊತ್ತಕ್ಕೆ ಕಾರಣ ಹೇಳಬೇಕೆಂದೂ ವಿಧಿಸಿರುವುದನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. 2023ರಲ್ಲಿ ರಾಜಸ್ಥಾನವು ಈ ಬಗೆಯ ಮೊದಲ ಕಾನೂನನ್ನು ಮಾಡಿದಾಗಲೂ ನಮ್ಮಂಥವರ ಕರಾರಿನೊಳಕ್ಕೆ ಇಷ್ಟು ದೂರ ಪ್ರವೇಶಿಸಿರಲಿಲ್ಲ.

ಇಷ್ಟು ಸ್ಪಷ್ಟವಾದ ಕಾನೂನು ಇದ್ದರೂ ನಮ್ಮ ಬಾಳಿನಲ್ಲಿ ಅದರ ಫಲ ಕಾಣಿಸದಿರುವುದಕ್ಕೆ ಒಂದು ಕಾರಣವುಂಟು. ಕಾಯಿದೆಯ ರಕ್ಷಣೆ ಕಾರ್ಮಿಕನನ್ನು ‘ತೆಗೆದಾಗ’ ದೊರೆಯತಕ್ಕದ್ದು; ಕಂಪನಿಗಳಾದರೋ ಯಾರನ್ನೂ ತೆಗೆಯುವುದೇ ಇಲ್ಲ. ಬೆಳಿಗ್ಗೆ ಆ್ಯಪನ್ನು ತೆರೆದರೆ ಲಾಗಿನ್ ಆಗುವುದಿಲ್ಲ. ‘ನಿಮ್ಮ ಖಾತೆ ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲು ಇಂಗ್ಲಿಷಿನಲ್ಲಿ ಕಾಣಿಸುತ್ತದೆ. ಐಡಿ ಬ್ಲಾಕ್ ಆಯಿತೆಂದು ನಾವು ಅನ್ನುತ್ತೇವೆ. ಇದು ಬರಿಯ ತಾತ್ಕಾಲಿಕ ಸ್ಥಗಿತವೆಂದು ಅವರು ಅನ್ನುತ್ತಾರೆ. ಮೂರು ದಿನವೋ, ಮೂರು ವಾರವೋ, ಅವಧಿಯನ್ನು ಹೇಳುವವರಿಲ್ಲ. ಆ ಅವಧಿಯಲ್ಲಿ ಒಂದು ಆರ್ಡರೂ ಬರುವುದಿಲ್ಲವಾದ್ದರಿಂದ, ಕಾಗದದ ಮೇಲೆ ಕೆಲಸ ಉಳಿದವನೂ ಕೆಲಸ ಕಳೆದುಕೊಂಡವನೂ ಮನೆಯ ಒಲೆಯ ಮುಂದೆ ಸಮಾನರೇ ಆಗುತ್ತಾರೆ.

ನಮ್ಮ ಪೈಕಿಯ ಒಬ್ಬರಿಗೆ ಒದಗಿದ ಪ್ರಸಂಗವನ್ನು, ಅವರ ಹೆಸರನ್ನೂ ಕಂಪನಿಯ ಹೆಸರನ್ನೂ ಬಿಟ್ಟು, ವಿವರವಾಗಿ ನಿವೇದಿಸಲು ಅಪ್ಪಣೆಯಾಗಬೇಕು. ಒಂದು ಶುಕ್ರವಾರ ರಾತ್ರಿ ಗಾಂಧಿಬಜಾರಿನ ಹೋಟೆಲೊಂದರಿಂದ 640 ರೂಪಾಯಿನ ಊಟವನ್ನು ಬನಶಂಕರಿಯ ಅಪಾರ್ಟ್‌ಮೆಂಟ್ ಒಂದಕ್ಕೆ ಅವರು ಕೊಂಡೊಯ್ದರು. ಗ್ರಾಹಕರು ಆ್ಯಪಿನ ಮೂಲಕವೇ ಬಂದ ಕರೆಯಲ್ಲಿ, ಗೇಟಿನ ಸೆಕ್ಯುರಿಟಿಯವರ ಬಳಿ ಇಟ್ಟುಹೋಗಿರೆಂದರು. ಇವರು ಹಾಗೆಯೇ ಇಟ್ಟು, ಚಿತ್ರ ತೆಗೆದು ಏರಿಸಿ, ಮುಂದಿನ ಆರ್ಡರಿಗೆ ನಡೆದರು. ಊಟ ಕೈಸೇರಲಿಲ್ಲವೆಂದು ಅದೇ ರಾತ್ರಿ ದೂರು ಹೋಯಿತು. ಶನಿವಾರ ಮುಂಜಾನೆ ಐಡಿ ಮುಚ್ಚಿತ್ತು. ವಾರದ ಗುರಿ ಮುಟ್ಟಿದವರಿಗೆ ಸಲ್ಲುವ ಇನ್ಸೆಂಟಿವ್ ಮುಖ್ಯವಾಗಿ ಶನಿವಾರ ಭಾನುವಾರಗಳ ದುಡಿಮೆಯನ್ನೇ ಅವಲಂಬಿಸಿರುವುದರಿಂದ ಅದೂ ತಪ್ಪಿತು. ಆ ವಾರ ಅವರಿಗೆ ಬರಬೇಕಾಗಿದ್ದ 4,320 ರೂಪಾಯಿಯಲ್ಲಿ ಬ್ಯಾಂಕಿಗೆ ಬಂದದ್ದು 2,500. ಮಿಕ್ಕ 1,820 ರೂಪಾಯಿನ ಎದುರಿಗೆ ಇದ್ದದ್ದು ‘ಇತರ ಕಡಿತ’ ಎಂಬ ಒಂದೇ ಒಂದು ಸಾಲು. ಅದನ್ನು ಬಿಡಿಸಿ ನೋಡಿದಾಗ, 1,180 ರೂಪಾಯಿ ಗ್ರಾಹಕರಿಂದ ನಗದಾಗಿ ಪಡೆದು ಅವರ ಕೈಯಲ್ಲಿಯೇ ಉಳಿದಿದ್ದ ಹಣವೆಂದೂ, ಉಳಿದ 640 ಆ ಊಟದ ಬೆಲೆಯೆಂದೂ ಹೊಂದಿಕೆಯಾಯಿತು. ಮೊದಲನೆಯದನ್ನು ಮುರಿದುಕೊಂಡದ್ದು ನ್ಯಾಯವೇ ಸರಿ. ವಿವಾದವಿರುವುದು ಎರಡನೆಯದರಲ್ಲಿ ಮಾತ್ರ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿಟ್ಟದ್ದರಿಂದ, ತಮಗಾದ ಅನ್ಯಾಯ ಎಷ್ಟು ರೂಪಾಯಿನದೆಂಬುದನ್ನು ಅರಿಯುವುದಕ್ಕೇ ಆ ಮನುಷ್ಯರು ಬಹಳ ಕಾಲ ಪರದಾಡಬೇಕಾಯಿತು.

ಈ ಪ್ರಸಂಗದ ಮರ್ಮ ಮುಂದೆ ಇದೆ. ಗ್ರಾಹಕರ ಕರೆಯ ದಾಖಲೆ, ಗೇಟಿನಲ್ಲಿ ತೆಗೆದ ಚಿತ್ರ, ವಾಹನ ನಿಂತ ಸ್ಥಳವನ್ನು ತೋರುವ ಜಿಪಿಎಸ್ ಗುರುತು, ಈ ಮೂರೂ ಅವರ ನಿರ್ದೋಷಿತ್ವಕ್ಕೆ ಸಾಕ್ಷಿಯಾಗಿದ್ದುವು. ಆದರೆ ಮೂರೂ ಇದ್ದದ್ದು ಆ್ಯಪಿನೊಳಗೆ, ಆ್ಯಪು ಮುಚ್ಚಿತ್ತು. ದೂರಿನ ಟಿಕೆಟ್ ಎತ್ತುವ ಪುಟವೂ, ಹಳೆಯ ಆರ್ಡರುಗಳ ಪಟ್ಟಿಯೂ, ಹಣದ ಲೆಕ್ಕವೂ ಅದೇ ಬೀಗದ ಹಿಂದೆ. ಸಹಾಯವಾಣಿಯ ಚಾಟಿನಲ್ಲಿ ಸಿದ್ಧವಾಕ್ಯಗಳು ಬಂದು, ಸಮಸ್ಯೆ ಪರಿಹಾರವಾಯಿತೆಂದು ಹೇಳಿ ಟಿಕೆಟ್ ತಾನಾಗಿಯೇ ಮುಕ್ತಾಯಗೊಂಡಿತು. ಎರಡನೆಯ ವಾರದಲ್ಲಿ, ಮುಚ್ಚಿದಂತೆಯೇ ಯಾವ ಕಾರಣವನ್ನೂ ಹೇಳದೆ, ಐಡಿ ತೆರೆಯಿತು. ಅವರು ತಪ್ಪು ಮಾಡಿದ್ದರೆ ತೆರೆದದ್ದೇಕೆ, ಮಾಡಿರದಿದ್ದರೆ 640 ರೂಪಾಯಿ ಹಿಂದಿರುಗದದ್ದೇಕೆ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ.

ಆದಕಾರಣ ನಮ್ಮ ಪ್ರಥಮ ಮತ್ತು ಪ್ರಧಾನ ಬೇಡಿಕೆ ಇದು: ಯಾವ ಹೆಸರಿನಿಂದಲೇ ಆಗಲಿ, ಕಾರ್ಮಿಕನಿಗೆ ಆರ್ಡರು ಬಾರದಂತೆ 48 ಗಂಟೆಗಳಿಗೂ ಮೀರಿ ಖಾತೆಯನ್ನು ಮುಚ್ಚಿಟ್ಟರೆ, ಅದನ್ನು ಕೆಲಸದಿಂದ ತೆಗೆದುದಕ್ಕೆ ಸಮಾನವೆಂದೇ ಪರಿಗಣಿಸಿ, ಲಿಖಿತ ಕಾರಣ ಮತ್ತು ಮುನ್ಸೂಚನೆಯ ವಿಧಿಗಳನ್ನು ಅದಕ್ಕೂ ಅನ್ವಯಿಸುವಂತೆ ನಿಯಮಗಳ ಮೂಲಕ ಸ್ಪಷ್ಟಪಡಿಸಲು ಮಂಡಳಿಯು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಗ್ರಾಹಕರ ಮೈಮೇಲೆ ಕೈಮಾಡಿದ, ಹೆಂಗಸರೊಡನೆ ಅನುಚಿತವಾಗಿ ವರ್ತಿಸಿದ ಆರೋಪವಿದ್ದಲ್ಲಿ ತತ್‌ಕ್ಷಣ ಖಾತೆಯನ್ನು ತಡೆಹಿಡಿಯುವುದಕ್ಕೆ ನಮ್ಮ ಆಕ್ಷೇಪಣೆ ಇಲ್ಲ. ಅಂಥವರು ನಮ್ಮ ನಡುವೆ ಇರುವುದು ನಮಗೂ ಬೇಡ. ಅಲ್ಲಿಯೂ ಆರೋಪವೇನೆಂಬುದನ್ನು ತಿಳಿಸಿ, ಗೊತ್ತಾದ ಅವಧಿಯೊಳಗೆ ವಿಚಾರಣೆ ಮುಗಿಸಬೇಕೆಂಬುದಷ್ಟೇ ನಮ್ಮ ಪ್ರಾರ್ಥನೆ. ಐಡಿ ಮುಚ್ಚಿದ್ದರೂ ಕಾರ್ಮಿಕನ ಆರ್ಡರುಗಳ ಇತಿಹಾಸ, ಹಣದ ಲೆಕ್ಕ ಮತ್ತು ದೂರಿನ ಪುಟ, ಈ ಮೂರು ಭಾಗಗಳು ಅವನಿಗೆ ಸದಾ ತೆರೆದಿರಬೇಕು. ಐರೋಪ್ಯ ಒಕ್ಕೂಟವು 2024ರಲ್ಲಿ ಹೊರಡಿಸಿದ ಪ್ಲಾಟ್‌ಫಾರ್ಮ್ ದುಡಿಮೆಯ ನಿರ್ದೇಶನದಲ್ಲಿ, ಖಾತೆಯನ್ನು ನಿರ್ಬಂಧಿಸುವ, ಸ್ಥಗಿತಗೊಳಿಸುವ, ಕೊನೆಗೊಳಿಸುವ ಮೂರು ಬಗೆಯ ನಿರ್ಣಯಗಳನ್ನೂ ಒಟ್ಟಿಗೆ ಹೆಸರಿಸಿ, ಅವನ್ನು ಯಂತ್ರವಲ್ಲ, ಮನುಷ್ಯನೇ ಕೈಗೊಳ್ಳತಕ್ಕದ್ದೆಂದು ವಿಧಿಸಿರುವುದನ್ನು ಮಂಡಳಿಯು ಇಲ್ಲಿ ಪರಾಮರ್ಶಿಸಬಹುದು.

ರೇಟಿಂಗಿನ ವಿಷಯ ಇದರೊಡನೆಯೇ ಹೆಣೆದುಕೊಂಡಿದೆ. ಕೆಲಸ ಹಂಚುವ ಮತ್ತು ಅಳೆಯುವ ಸ್ವಯಂಚಾಲಿತ ವ್ಯವಸ್ಥೆಯ ಮಾನದಂಡಗಳನ್ನು ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ನಮ್ಮ ಕಾಯಿದೆಯೇ ಹೇಳುತ್ತದೆ. ನಮಗೆ ಕಾಣಿಸುವುದು ಮಾತ್ರ ಒಂದು ಅಂಕಿ. ಬಹುಮಂದಿ ಗ್ರಾಹಕರು ಅಂಕ ಕೊಡುವ ಗೋಜಿಗೇ ಹೋಗುವುದಿಲ್ಲ. ಅಂಕ ಕೊಟ್ಟವರು ಇಪ್ಪತ್ತೇ ಮಂದಿ ಎನ್ನೋಣ: ಹದಿನೆಂಟು ಮಂದಿ ಐದೈದು ಅಂಕವನ್ನೂ, ಇಬ್ಬರು ಒಂದೊಂದು ಅಂಕವನ್ನೂ ಕೊಟ್ಟರೆ ಸರಾಸರಿ 4.6ಕ್ಕೆ ಇಳಿಯುತ್ತದೆ. ಒಳ್ಳೆಯ ಸ್ಲಾಟಿಗೆ 4.7 ಬೇಕೆಂಬ ಗೆರೆಯನ್ನು ಕಂಪನಿಯು ಎಳೆದಿದ್ದರೆ, ಇಬ್ಬರ ಅಸಮಾಧಾನವು ಹದಿನೆಂಟು ಮಂದಿಯ ತೃಪ್ತಿಯನ್ನು ಅಳಿಸಿಹಾಕಿತು. ಆ ಇಬ್ಬರ ಅಸಮಾಧಾನವಾದರೂ, ಹೋಟೆಲಿನವರು ತಡಮಾಡಿದ್ದಕ್ಕೋ, ಸಾರು ಚೆಲ್ಲುವಂತೆ ಕಟ್ಟಿದ್ದಕ್ಕೋ, ನಕ್ಷೆಯ ಗುರುತು ಪಕ್ಕದ ಅಡ್ಡರಸ್ತೆಯನ್ನು ತೋರಿದ್ದಕ್ಕೋ ಹುಟ್ಟಿದ್ದಾಗಿರಬಹುದು. ಎಲ್ಲದರ ಭಾರವೂ ಬಾಗಿಲಲ್ಲಿ ನಿಂತವನ ತಲೆಯ ಮೇಲೆಯೇ. ಆದುದರಿಂದ ಕಡಮೆ ಅಂಕ ಕೊಡುವವರು ಅದರ ಕಾರಣವನ್ನು ಸೂಚಿಸುವಂತಿರಬೇಕು. ಹೋಟೆಲಿಗೆ, ಸ್ಟೋರಿಗೆ, ನಕ್ಷೆಗೆ ಸೇರಿದ ದೋಷಗಳು ನಮ್ಮ ಸರಾಸರಿಯಲ್ಲಿ ಸೇರಕೂಡದು. ಎಷ್ಟು ಆರ್ಡರುಗಳ ಅಂಕಗಳನ್ನು ಹಿಡಿದು ಸರಾಸರಿ ಕಟ್ಟಲಾಗಿದೆ ಎಂಬುದು ಆ್ಯಪಿನಲ್ಲಿಯೇ ಕಾಣಬೇಕು. ಬರಿಯ ರೇಟಿಂಗನ್ನೇ ಆಧಾರವಾಗಿಟ್ಟುಕೊಂಡು ಯಾರ ಐಡಿಯನ್ನೂ ಮುಚ್ಚಕೂಡದು.

ಕಡಿತದ ವಿಚಾರದಲ್ಲಿ ನಾವು ಹೊಸ ತತ್ತ್ವವನ್ನೇನೂ ಬೇಡುತ್ತಿಲ್ಲ. ಕೂಲಿ ಪಾವತಿಯನ್ನು ಕುರಿತು 1936ರಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿಯೇ ಆದ ಕಾಯಿದೆಯು, ವಶಕ್ಕೊಪ್ಪಿಸಿದ ಸಾಮಗ್ರಿಯ ನಷ್ಟಕ್ಕಾಗಿ ಕೆಲಸಗಾರನ ಕೂಲಿಯಲ್ಲಿ ಮುರಿದುಕೊಳ್ಳುವ ಮುನ್ನ ಅವನ ಸಮಜಾಯಿಷಿಗೆ ಅವಕಾಶ ಕೊಡಬೇಕೆಂದೂ, ಆ ನಷ್ಟ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕೆಂದೂ ವಿಧಿಸಿತ್ತು. ‘ಪಾಲುದಾರ’ರೆಂಬ ಗೌರವದ ಹೆಸರನ್ನು ಹೊತ್ತ ನಾವು ಆ ಕಾಯಿದೆಯ ನೆರಳಿಗೆ ಬಾರದೆಹೋದೆವು, ಗಿರಣಿಯ ಕೂಲಿಯವರಿಗೆ ಅಂದು ಸಂದ ನ್ಯಾಯ ನಮಗೆ ಇಂದೂ ಸಲ್ಲದಿರುವುದು ಸಮಂಜಸವಲ್ಲ. ಪ್ರತಿಯೊಂದು ಕಡಿತದ ಎದುರಿಗೂ ಆರ್ಡರಿನ ಸಂಖ್ಯೆ, ದಿನಾಂಕ, ಕಾರಣ ಕನ್ನಡದಲ್ಲಿ ನಮೂದಾಗಬೇಕು. ನಗದು ಬಾಕಿ, ಟಿಡಿಎಸ್, ಬ್ಯಾಗು ಟೀಶರ್ಟುಗಳ ಕಂತು, ಆರ್ಡರಿನ ನಷ್ಟ, ಇವು ಬೇರೆಬೇರೆ ಸಾಲುಗಳಲ್ಲಿ ಇರಬೇಕು. ನಷ್ಟದ ಬಾಬ್ತನ್ನು ದೂರು ಇತ್ಯರ್ಥವಾಗುವವರೆಗೆ ಮುಟ್ಟಕೂಡದು. ಇತ್ಯರ್ಥವಾದ ಮೇಲೂ ಒಂದು ವಾರದ ಗಳಿಕೆಯ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚಾಗಿ ಮುರಿದುಕೊಂಡರೆ, ಪೆಟ್ರೋಲಿಗೆ ಹಣವಿಲ್ಲದೆ ಮರುವಾರದ ದುಡಿಮೆಯೇ ನಿಲ್ಲುತ್ತದೆಂಬುದನ್ನು ಅನುಭವದಿಂದ ಹೇಳುತ್ತಿದ್ದೇವೆ.

ಇನ್ನು ದೂರಿನ ದಾರಿ. 50ಕ್ಕಿಂತ ಹೆಚ್ಚು ಗಿಗ್ ಕಾರ್ಮಿಕರಿರುವ ಕಂಪನಿಯು ಆಂತರಿಕ ವಿವಾದ ಪರಿಹಾರ ಸಮಿತಿಯನ್ನು ರಚಿಸಬೇಕೆಂದು ಕಾಯಿದೆ ಹೇಳುತ್ತದೆ. ಕಾರ್ಮಿಕನು ಮಾತನಾಡಬಹುದಾದ ಒಬ್ಬ ಮನುಷ್ಯನು ಕಂಪನಿಯ ಕಡೆಯಿಂದ ಇರಬೇಕೆಂದೂ ಹೇಳುತ್ತದೆ. ನಮ್ಮ ಪೈಕಿ ಯಾರಿಗೂ ಅಂತಹ ಸಮಿತಿಯ ವಿಳಾಸ ಆ್ಯಪಿನಲ್ಲಿ ಕಂಡದ್ದಿಲ್ಲ. ಸ್ಟೋರಿನ ಟೀಮ್ ಲೀಡರನ್ನು ಕೇಳಿದರೆ ಟಿಕೆಟ್ ಎತ್ತಿರೆನ್ನುತ್ತಾರೆ, ಟಿಕೆಟ್ ಎತ್ತಿದರೆ ಟೀಮ್ ಲೀಡರನ್ನು ಕಾಣಿರೆಂಬ ಉತ್ತರ ಬರುತ್ತದೆ. ಸಮಿತಿಯ ಸದಸ್ಯರ ಹೆಸರು ಮತ್ತು ದೂರವಾಣಿಯು ಆ್ಯಪಿನ ಮೊದಲ ಪುಟದಲ್ಲಿ ಕನ್ನಡದಲ್ಲಿ ಇರಬೇಕು. ದೂರು ಸಲ್ಲಿಸಿದೊಡನೆ ಸಂಖ್ಯೆಯುಳ್ಳ ಸ್ವೀಕೃತಿ ದೊರೆಯಬೇಕು; ದೂರುಕೊಟ್ಟವನ ಒಪ್ಪಿಗೆಯಿಲ್ಲದೆ, ಅಥವಾ ಲಿಖಿತ ನಿರ್ಣಯವಿಲ್ಲದೆ, ಅದು ಮುಕ್ತಾಯವಾಗಕೂಡದು. ಕರೆಯ ದಾಖಲೆ, ಚಿತ್ರ, ಜಿಪಿಎಸ್ ವಿವರಗಳನ್ನು ಕಂಪನಿಯೇ ಸಮಿತಿಯ ಮುಂದಿಡತಕ್ಕದ್ದು. ಇಡದಿದ್ದಲ್ಲಿ ಕಾರ್ಮಿಕನ ಹೇಳಿಕೆಯನ್ನೇ ನಿಜವೆಂದು ಭಾವಿಸಬೇಕು. ಸಾಕ್ಷ್ಯವನ್ನು ತಮ್ಮ ಸ್ವಾಧೀನದಲ್ಲಿಟ್ಟುಕೊಂಡವರೇ ಆರೋಪವನ್ನೂ ಹೊರಿಸಿ ಶಿಕ್ಷೆಯನ್ನೂ ವಿಧಿಸುತ್ತಿರುವಾಗ, ಇದಕ್ಕಿಂತ ಕಡಮೆಯಾದ ಯಾವ ಏರ್ಪಾಡೂ ನಮಗೆ ಉಪಯೋಗಕ್ಕೆ ಬಾರದು.

ಈ ಮನವಿಯನ್ನು ಮಂಡಳಿಯ ಮುಂದಿನ ಸಭೆಯಲ್ಲಿ ವಿಚಾರಕ್ಕೆತ್ತಿಕೊಂಡು, ಮೇಲೆ ವಿವರಿಸಿದ ಪ್ರಸಂಗದ ದಾಖಲೆಗಳೊಡನೆ ನಮ್ಮಲ್ಲಿ ಇಬ್ಬರು ಹಾಜರಾಗಿ ಹೇಳಿಕೆ ಕೊಡಲು ಅವಕಾಶವಿತ್ತು, ಹೇಳಿಕೆ ಕೊಟ್ಟ ಕಾರಣದಿಂದ ಅವರ ಐಡಿಗಳಿಗೆ ಬಾಧೆ ತಟ್ಟದಂತೆ ಮೊದಲೇ ಲಿಖಿತ ಭರವಸೆಯನ್ನು ಕೊಡಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಧೇಯರು,
ಡೆಲಿವರಿ ಪಾಲುದಾರರು,
ತ್ಯಾಗರಾಜನಗರ, ಬೆಂಗಳೂರು.
(ಸಹಿಗಳನ್ನು ಲಗತ್ತಿಸಿದೆ)