ಪುಸ್ತಕದಲ್ಲಿ ಸರ್ವಾನುಮತ, ಅರಳಿಕಟ್ಟೆಯಲ್ಲಿ ಜಗಳ

ಭಾಗ 1/4

ಫೋಟೋದಲ್ಲಿರೋದು ನಮ್ಮೂರ ದೇವಸ್ಥಾನದ ಸಭಾ ನಡಾವಳಿ ಪುಸ್ತಕ. ಊರ ಹೆಸರು ಬೇಡ, ಕೆ.ಆರ್. ನಗರ ತಾಲ್ಲೂಕು ಅಂದ್ರೆ ಸಾಕು. ಯಾವ ಪುಟ ತೆಗೆದ್ರೂ ಕೊನೇ ಸಾಲು ಒಂದೇ: "ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು."

ಹಾಗಿದ್ರೆ ಗೋಪುರದ ಪಿಲ್ಲರ್ ಕಂಬಿ ತುಕ್ಕು ಹಿಡಿದು ನಿಂತಿರೋದು ಯಾಕೆ ಸ್ವಾಮಿ?

ಸಮಿತಿಯಲ್ಲಿ 11 ಜನ. ಆರು ಜನ ಮೇಗಲಕೇರಿ, ಐದು ಜನ ಕೆಳಗಲಕೇರಿ. ಎರಡೂ ಕೇರಿಯವರು ಒಂದೇ ದೇವರಿಗೆ ಕೈ ಮುಗಿಯೋದು, ಆದ್ರೆ ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗದೆ ಎಷ್ಟೋ ವರ್ಷ ಆಯ್ತು. ಸಭೆಯಲ್ಲಿ ಅಧ್ಯಕ್ಷರು "ಯಾರಿಗಾದ್ರೂ ಆಕ್ಷೇಪಣೆ ಇದ್ಯಾ?" ಅಂತ ಒಂದ್ಸಲ ಕೇಳ್ತಾರೆ. ಯಾರೂ ಬಾಯಿ ಬಿಡಲ್ಲ. ಕಾರ್ಯದರ್ಶಿ ಸರ್ವಾನುಮತ ಅಂತ ಬರೀತಾರೆ. ಹತ್ತು ನಿಮಿಷಕ್ಕೆ ಐದೂ ಜನ ಅರಳಿಕಟ್ಟೇಲಿ ಕೂತು, "ಅವರು ಕಟ್ಟಲಿ, ನಾವು ಒಂದು ಕಾಸೂ ಕೊಡಲ್ಲ" ಅಂತಾರೆ.

ಸುಮ್ಮನಿರೋದನ್ನ ಒಪ್ಪಿಗೆ ಅಂತ ಬರೆಯೋದು ಸುಳ್ಳು. ನಮ್ಮೂರ ದೇವಸ್ಥಾನ ಹಾಳಾಗ್ತಿರೋದು ಜಗಳದಿಂದಲ್ಲ, ಈ ಸುಳ್ಳಿನಿಂದ.

ಭಾಗ 2/4

"ಹಾಗಾದ್ರೆ ಓಟು ಹಾಕಿ ಮುಗಿಸಿ" ಅಂತ ಹುಡುಗರು ಕಾಮೆಂಟ್ ಹಾಕ್ತಾರೆ, ಗೊತ್ತು. ಹಾಕಿದ್ರೆ 6-5. ಕಾಗದದ ಮೇಲೆ ಗೆಲುವು. ಆಮೇಲೆ? ಚಂದಾ ಎತ್ತೋರು ಯಾರು, ತೇರಿನ ಹಗ್ಗ ಹಿಡಿಯೋರು ಯಾರು, ಕಲ್ಲು ಹೊರೋಕೆ ಟ್ರ್ಯಾಕ್ಟರ್ ಕೊಡೋರು ಯಾರು? ದೇವಸ್ಥಾನದ ಸಮಿತಿ ಹತ್ರ ಪೊಲೀಸ್ ಇಲ್ಲ, ದಂಡ ಇಲ್ಲ. ಸೋತ ಕೇರಿ ಬಾಗಿಲು ಹಾಕ್ಕೊಂಡು ಕೂತ್ರೆ ಬಲವಂತ ಮಾಡೋಕಾಗಲ್ಲ. ನಮಗೆ ಒಮ್ಮತ ಬೇಕಾಗಿರೋದು ಅದಕ್ಕೇ ಕಣ್ರೀ, ನಾವು ಒಳ್ಳೆಯವರು ಅಂತ ಅಲ್ಲ.

ಒಡಿಶಾದ ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದ ಎಫ್.ಜಿ. ಬೇಲಿ ಅನ್ನೋ ಮಾನವಶಾಸ್ತ್ರಜ್ಞ 1965ರಲ್ಲಿ ಇದೇ ವಿಷಯದ ಮೇಲೆ ಒಂದು ಲೇಖನ ಬರೆದ. ಅವನ ಪ್ರಕಾರ ಸಭೆಗಳಲ್ಲಿ ಎರಡು ಥರ. ಒಂದರಲ್ಲಿ ಕೂತವರು ತಮ್ಮನ್ನ ತಾವೇ ಒಂದು ಗುಂಪು ಅಂದ್ಕೊಂಡಿರ್ತಾರೆ, ಅಲ್ಲಿ ಒಮ್ಮತ ಸಲೀಸು. ಇನ್ನೊಂದು ಅಖಾಡ. ಅಲ್ಲಿ ಪ್ರತಿಯೊಬ್ಬನ ಬೆನ್ನ ಹಿಂದೆ ಅವನ ಕಡೆಯವರು ನಿಂತಿರ್ತಾರೆ, ಒಂದು ಹೆಜ್ಜೆ ಹಿಂದಕ್ಕೆ ಇಟ್ರೂ "ಮಾರ್ಕೊಂಡ" ಅಂತಾರೆ. ಆದ್ರೆ ಅಖಾಡದಂಥ ಸಭೆಯೂ, ತೀರ್ಮಾನವನ್ನ ತಾನೇ ಜಾರಿ ಮಾಡಬೇಕು, ಹೇರೋಕೆ ದಂಡ ಇಲ್ಲ ಅಂದಾಗ ಒಮ್ಮತದ ಕಡೆಗೇ ವಾಲುತ್ತೆ ಅಂತಾನೆ.

ಓದಿದಾಗ ನಮ್ಮ ಸಭೆಯೇ ಕಣ್ಮುಂದೆ ಬಂತು. ದೇವಸ್ಥಾನದ ಅಂಗಳದಲ್ಲಿ ಸಭೆ, ಸುತ್ತ ನೂರು ಜನ ನಿಂತು ನೋಡೋದು, ಮೊಬೈಲ್‌ನಲ್ಲಿ ವಿಡಿಯೋ ಬೇರೆ. ಅಲ್ಲಿ ಯಾವ ಗೌಡ್ರು ತಾನೆ "ಸರಿ, ನಂದು ತಪ್ಪು" ಅಂತಾರೆ?

ಭಾಗ 3/4

ಹೋದ ವರ್ಷ ನಾವು ಮಾಡಿದ್ದು ಇಷ್ಟೇ. ಅಂಗಳದ ಸಭೆ ಬಿಟ್ಟು ಎರಡೂ ಕೇರಿಯಿಂದ ಇಬ್ಬಿಬ್ಬರನ್ನ ಒಂದು ಮನೆಯೊಳಗೆ ಕೂರಿಸಿದ್ವಿ. ನೋಡೋರು ಇಲ್ಲ, ವಿಡಿಯೋ ಇಲ್ಲ. ಅಲ್ಲಿ ತೀರ್ಮಾನ ಮಾಡೋಕೂ ಅಧಿಕಾರ ಇಲ್ಲ, ಮಾತಾಡೋಕೆ ಮಾತ್ರ. ಅವರೇ ಆ ಐದು ಜನರ ಮನೆಗೂ ಹೋಗಿ ಬಂದರು. "ಗೋಪುರ ಬೇಕಾ ಬೇಡ್ವಾ" ಅಂತ ಕೇಳಲೇ ಇಲ್ಲ. ಕೇಳಿದ್ದು: "ಅಣ್ಣ, ಏನು ಆದ್ರೆ ನೀನು ಕೈ ಹಚ್ತೀಯ?"

ಐದು ಜನದಲ್ಲಿ ಒಬ್ಬನೂ ಗೋಪುರಕ್ಕೆ ವಿರೋಧ ಇರ್ಲಿಲ್ಲ! ಮೂರು ಜನಕ್ಕೆ ಹಿಂದಿನ ಜಾತ್ರೆಯ ಲೆಕ್ಕ ಬೇಕಿತ್ತು. ಒಬ್ಬರಿಗೆ ಕಂಟ್ರಾಕ್ಟು ಅಧ್ಯಕ್ಷರ ನೆಂಟರಿಗೇ ಹೋಗಿದ್ದು ಉರಿ. ಐದನೆಯವರು ಹೇಳಿದ್ದು ಕೇಳಿ ನನಗೆ ನಾಚಿಕೆ ಆಯ್ತು: "ಉತ್ಸವಮೂರ್ತಿ ನಮ್ಮ ಕೇರೀಲಿ ನಿಲ್ಲೋದೇ ಇಲ್ಲ, ಓಡ್ಕೊಂಡು ಹೋಗುತ್ತೆ."

ಲೆಕ್ಕವನ್ನ ರಸೀದಿ ಸಮೇತ ಗಟ್ಟಿಯಾಗಿ ಓದಿದ್ವಿ. ಮೂರು ಕೊಟೇಷನ್ ತರಿಸಿ ಎಲ್ಲರ ಮುಂದೆ ಒಡೆದ್ವಿ. ಮೆರವಣಿಗೆ ಎರಡೂ ಕೇರೀಲಿ ಒಂದೇ ಹೊತ್ತು ನಿಲ್ಲಬೇಕು ಅಂತ ಬರೆದ್ವಿ. ಆಮೇಲೆ ಒಬ್ಬೊಬ್ಬರ ಹೆಸರು ಕರೆದು ಕೇಳಿದ್ವಿ. ಉತ್ತರಕ್ಕೆ ಮೂರು ದಾರಿ: ಒಪ್ಪಿಗೆ. ಒಪ್ಪಿಗೆ ಇಲ್ಲ, ಆದ್ರೆ ಅಡ್ಡಿ ಮಾಡಲ್ಲ. ಆಗೋದಿಲ್ಲ. ಆಗೋದಿಲ್ಲ ಅಂದವರು ಕಾರಣ ಹೇಳಬೇಕು, ಮುಂದಿನ ಸಭೆಗೆ ಬದಲಿ ದಾರಿ ತರಬೇಕು. ಕಾರಣ ದೇವಸ್ಥಾನದ್ದೋ ಕೇರಿಯದ್ದೋ ಆಗಿರಬೇಕು, "ಅವನು ಹೇಳಿದ್ದಕ್ಕೆ ಬೇಡ" ಅನ್ನೋದು ಕಾರಣ ಅಲ್ಲ. ಬದಲಿ ತರದಿದ್ರೆ ಕೆಲಸ ನಿಲ್ಲಲ್ಲ.

ಹತ್ತು ಜನ ಒಪ್ಪಿದರು. ಹನ್ನೊಂದನೆಯವರು ಎರಡನೇ ದಾರಿ ಹಿಡಿದರು. ಅವರ ಹೆಸರಿನ ಮುಂದೆ "ಒಪ್ಪಿಗೆ ಇಲ್ಲ, ಅಡ್ಡಿ ಇಲ್ಲ" ಅಂತಲೇ ಬರೆದು ಸಹಿ ಹಾಕಿಸಿದ್ವಿ. ಆ ಪುಸ್ತಕದಲ್ಲಿ ನಾನು ಕಂಡ ಮೊದಲ ನಿಜವಾದ ಸಾಲು ಅದು. ವಿಚಿತ್ರ ಏನಂದ್ರೆ ಗೋಪುರಕ್ಕೆ ಮೊದಲ ಲೋಡು ಮರಳು ಬಂದಿದ್ದು ಅವರ ಟ್ರ್ಯಾಕ್ಟರ್‌ನಲ್ಲೇ.

ನಿಮ್ಮೂರಲ್ಲಿ ಒಮ್ಮತ ನಿಜವೋ ನಾಟಕವೋ ಅಂತ ತಿಳಿಯೋಕೆ ಪುಸ್ತಕ ನೋಡಬೇಡಿ. ಸಹಿ ಸಭೆಯಲ್ಲೇ ಆಯ್ತಾ, ಮಾರನೇ ದಿನ ಮನೆಮನೆಗೆ ಹೋಗಿ ಹಾಕಿಸಿದ್ರಾ ಅಂತ ಕೇಳಿ. ಚಂದಾ ಪಟ್ಟಿಯಲ್ಲಿ ಒಂದೇ ಕೇರಿಯ ಹೆಸರಿದ್ಯಾ ನೋಡಿ.

ಭಾಗ 4/4

ಈಗ ಒಮ್ಮತವಾದಿಗಳಿಗೆ ಹಿಡಿಸದ ಮಾತು. ಎಲ್ಲದಕ್ಕೂ ಒಮ್ಮತ ಕೇಳಬಾರದು.

"ಎಲ್ಲರೂ ಒಪ್ಪೋವರೆಗೆ ಇದ್ದ ಹಾಗೇ ಇರಲಿ" ಅನ್ನೋ ನಿಯಮ ಯಾವತ್ತೂ ಬೀಗದ ಕೈ ಇಟ್ಕೊಂಡವನ ಪರ. ಹುಂಡಿ ಅವನ ಹತ್ರ, ಪಾಸ್‌ಬುಕ್ ಅವನ ಹತ್ರ. ಮಾತುಕತೆ ಎಷ್ಟು ಎಳೆದ್ರೆ ಅವನಿಗೆ ಅಷ್ಟು ಲಾಭ. ಅದಕ್ಕೇ ಲೆಕ್ಕ ತೋರಿಸೋದು ಚರ್ಚೆಯ ವಿಷಯವೇ ಅಲ್ಲ. ಹುಂಡಿಗೆ ಎರಡು ಬೀಗ, ಒಂದೊಂದು ಕೇರಿಗೆ ಒಂದೊಂದು ಕೈ. ಬ್ಯಾಂಕ್ ಖಾತೆಗೆ ಎರಡೂ ಕಡೆಯ ಸಹಿ. ಇದು ಮೊದಲು, ಒಮ್ಮತದ ಮಾತು ಆಮೇಲೆ.

ದಲಿತರು ಒಳಗೆ ಬರಬಹುದಾ ಅಂತ ಸಮಿತಿ ಮುಂದೆ ಇಡೋ ಊರುಗಳೂ ಇವೆ. "ಊರೋರು ಒಪ್ಪಬೇಕಲ್ಲ" ಅಂತಾರೆ. ಯಾಕೆ ಒಪ್ಪಬೇಕು? ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿಬಿಟ್ಟಿದೆ. ಮುಜರಾಯಿ ದೇವಸ್ಥಾನಗಳ 1997ರ ಕಾಯ್ದೆ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯಲ್ಲೇ ಪರಿಶಿಷ್ಟರಿಗೂ ಇಬ್ಬರು ಹೆಂಗಸರಿಗೂ ಜಾಗ ಇಟ್ಟಿದೆ. ನಮ್ಮದು ಮುಜರಾಯಿಗೆ ಸೇರಿಲ್ಲ. 11 ಜನದಲ್ಲಿ ಒಬ್ಬ ಹೆಂಗಸೂ ಇಲ್ಲ, ನಾನು ಮೇಲೆ ಹೊಗಳಿಕೊಂಡ ಒಮ್ಮತ ಅಷ್ಟರ ಮಟ್ಟಿಗೆ ಕುಂಟು.

"ದೇವಸ್ಥಾನದ ಜಗಳ ತಾನೆ, ಬಿಡಿ" ಅನ್ನೋರಿಗೆ ಸುಳ್ವಾಡಿ ನೆನಪಿಸ್ತೀನಿ. 2018ರ ಡಿಸೆಂಬರ್ 14. ಚಾಮರಾಜನಗರ ಜಿಲ್ಲೆಯ ಕಿಚ್ಚುಗುತ್ತಿ ಮಾರಮ್ಮ ದೇವಸ್ಥಾನದಲ್ಲಿ ಗೋಪುರದ ಶಂಕುಸ್ಥಾಪನೆ. ಅವತ್ತಿನ ಪ್ರಸಾದದಲ್ಲಿ ಕೀಟನಾಶಕ. ತಿಂದವರಲ್ಲಿ 17 ಜನ ಸತ್ತರು. ದೇವಸ್ಥಾನದ ಹಿಡಿತಕ್ಕಾಗಿ ಎರಡು ಬಣಗಳ ನಡುವೆ ಇದ್ದ ಜಗಳವೇ ಮೂಲ ಅಂತ ಪೊಲೀಸರ ಆರೋಪ. ಅಲ್ಲೂ ಗೋಪುರವೇ. ಪ್ರಸಾದಕ್ಕೆ ಕೈಯೊಡ್ಡಿದ ಭಕ್ತರಿಗೆ ಯಾವ ಬಣ ಏನು ಬರೆಸಿತ್ತು ಅನ್ನೋದು ಯಾಕೆ ಬೇಕಿತ್ತು?

ನಮ್ಮೂರ ಮುಂದಿನ ಸಭೆ ಅಮಾವಾಸ್ಯೆ ಕಳೆದ ಸೋಮವಾರ. ವಿಷಯ ಒಂದೇ, ಸಮಿತಿಗೆ ಹೆಂಗಸರು. ಹೆಸರು ಕರೆದೇ ಕೇಳ್ತೀವಿ. ಯಾರು ಏನಂದ್ರು ಅಂತ ಆ ಪುಟದ ಫೋಟೋ ಇಲ್ಲೇ ಹಾಕ್ತೀನಿ.

#ಕೃಷ್ಣರಾಜನಗರ #ನಮ್ಮೂರದೇವಸ್ಥಾನ #ಲೆಕ್ಕಕೊಡಿ